ದೇವರ ಬಣ್ಣದ ಅಚ್ಚುಚಿತ್ರಗಳು

19ನೇ ಶತಮಾನದ ಕೊನೆಯಲ್ಲಿ ಕಲ್ಲಚ್ಚಿನಲ್ಲಿ ರಾಶಿರಾಶಿಯಾಗಿ ಮುದ್ರಿಸಿ ಮಾರಿದ ದೇವತಾಚಿತ್ರಗಳು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದ ಚಿತ್ರಗಳು ಇವುಗಳಲ್ಲಿ ಹೆಸರಾದವು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಒಂದೇ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡಬೇಕು. ಹಾಳೆ ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ಗೆರೆ ದಾಟಿ ಹರಡುತ್ತದೆ. ಹಳೆಯ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೈಯಿಂದಿಟ್ಟ ಏರುಪೇರಿನ ಚುಕ್ಕಿಗಳು ಕಾಣುತ್ತವೆ. ಈಚಿನ ಆಫ್‌ಸೆಟ್ ಪ್ರತಿಯಲ್ಲಿ ಚುಕ್ಕಿಗಳು ಸಾಲಾಗಿರುತ್ತವೆ.

ಈ ಅಚ್ಚುಚಿತ್ರಗಳು ತಂದ ಬದಲಾವಣೆಗೆ ಲಕ್ಷ್ಮಿಯೇ ಸಾಕ್ಷಿ. ಕನ್ನಡನಾಡಿನ ಗುಡಿಗಳ ಬಾಗಿಲವಾಡದ ಮೇಲಿನ ಗಜಲಕ್ಷ್ಮಿ ಕುಳಿತವಳು, ಇಕ್ಕೆಲದ ಆನೆಗಳು ಅವಳಿಗೆ ನೀರೆರೆಯುತ್ತವೆ. ರವಿವರ್ಮನ ಲಕ್ಷ್ಮಿಯಾದರೋ ಸೀರೆಯುಟ್ಟು, ಕೊಳದ ತಾವರೆಯ ಮೇಲೆ ನಿಂತು, ಭಕ್ತನತ್ತ ನೇರ ನೋಡುತ್ತಾಳೆ. ಮನೆಯ ಗೋಡೆಗೆ ಬಂದದ್ದು ಈ ಲಕ್ಷ್ಮಿ. ಕ್ಯಾಲೆಂಡರುಗಳು ಮುಂದುವರಿಸಿದ್ದೂ ಇವಳನ್ನೇ.

ಕಳಸದ ಕಳಸೇಶ್ವರನಂತೆ ಗರ್ಭಗುಡಿಯಲ್ಲಿ ಲಿಂಗವಾಗಿರುವ ಶಿವನಿಗೂ ಅಚ್ಚುಚಿತ್ರ ಮೈಕಟ್ಟು, ಜಟೆ, ಹುಲಿಚರ್ಮ ಕೊಟ್ಟಿತು. ಪೂಜೆಯ ಮೂರ್ತಿ ಮಾತ್ರ ಬದಲಾಗಲಿಲ್ಲ. ಗುಡಿಯೊಳಗೆ ಆಗಮದ ನಿಯಮವೇ ಉಳಿಯಿತು, ಹೊಸ ರೂಪ ನೆಲೆಯಾದದ್ದು ದೇವರ ಕೋಣೆಯಲ್ಲಿ. ಕೆಲವರು ಚಿತ್ರದ ಸೀರೆಗೆ ಜರಿ, ಚಮಕಿ ಅಂಟಿಸಿ ಅಲಂಕಾರ ಮಾಡುತ್ತಿದ್ದರು.