ಸದಾಶಿವ ಪೇಠೆಯ ಕಾಮಾಗಳು

ಪುಣೆಯ ವಿಳಾಸಗಳಿಗೆ ಕಾಮಾ ತಪ್ಪುವುದಿಲ್ಲ. ಹಳೆಯ ಪೇಠೆಗಳಲ್ಲಿ ಮನೆ ನಂಬರಿನ ಬೆನ್ನಿಗೇ ಒಂದು ಕಾಮಾ, ಆಮೇಲೆ ಸದಾಶಿವ ಪೇಠ ಅಥವಾ ನಾರಾಯಣ ಪೇಠ. ಕೊಥರೂಡಿನ ಕಡೆ ಹೋದರೆ ಸರ್ವೆ ನಂಬರು, ಪ್ಲಾಟ್ ನಂಬರು, ಸೊಸೈಟಿಯ ಹೆಸರು, ಯಾವುದೋ ದೇವಸ್ಥಾನದ ಎದುರು ಎಂಬ ಗುರುತು, ಕೊನೆಗೆ ರಸ್ತೆ. ಲಕೋಟೆಯ ಮೇಲೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಅದೇ ವಿಳಾಸ ಸಿಎಸ್‌ವಿ ಕಡತಕ್ಕೆ, ಅಂದರೆ ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಪಠ್ಯಕ್ಕೆ, ಇಳಿದಾಗ ಪ್ರತಿ ಕಾಮಾವೂ ಹೊಸ ಕಾಲಂ ಶುರುವಾಯಿತೆಂದು ಹೇಳತೊಡಗುತ್ತದೆ. ಒಂದು ಸಂಘದ ಸದಸ್ಯರ ಪಟ್ಟಿ ಹೀಗಿದೆಯೆಂದು ಇಟ್ಟುಕೊಳ್ಳೋಣ:

```
id,address,city,pin,amount
101,1187 Sadashiv Peth,Pune,411030,500
102,S. No. 12/4, Paud Road, Kothrud,Pune,411038,750
```

ಮೊದಲ ಸಾಲಿನ ವಿಳಾಸದಲ್ಲಿ ಕಾಮಾ ಬಿಟ್ಟಿರುವುದರಿಂದ ಅದು ಸರಿ. ಎರಡನೆಯದರಲ್ಲಿ ಐದರ ಬದಲು ಏಳು ತುಂಡುಗಳಿವೆ. ಊರಿನ ಕಾಲಮ್ಮಿನಲ್ಲಿ ಪೌಡ್ ರಸ್ತೆ, ಪಿನ್‌ಕೋಡ್ ಕಾಲಮ್ಮಿನಲ್ಲಿ ಕೊಥರೂಡ್, ಚಂದಾ ಹಣದ ಜಾಗದಲ್ಲಿ ಪುಣೆ. ನಿಜವಾದ ಪಿನ್ನೂ ಹಣವೂ ಹೆಸರೇ ಇಲ್ಲದ ಎರಡು ಕಾಲಂಗಳಿಗೆ ತಳ್ಳಿಹೋಗಿವೆ.

ಪಂಚ್ ಕಾರ್ಡಿನ ಕಾಲದಲ್ಲಿ ಈ ತೊಡಕು ಇರಲಿಲ್ಲ. ಎಂಬತ್ತು ಅಂಕಣಗಳ ಕಾರ್ಡಿನಲ್ಲಿ ವಿಳಾಸಕ್ಕೆ ಇಂತಿಷ್ಟು ಅಂಕಣ ಎಂದು ಮೊದಲೇ ಗೆರೆ ಎಳೆದಿರುತ್ತಿದ್ದರು. ಅದರೊಳಗೆ ಎಷ್ಟು ಕಾಮಾ ಬಂದರೂ ಅವು ಬರೀ ಅಕ್ಷರಗಳು. ತೊಂದರೆಯೆಂದರೆ ಉದ್ದದ ವಿಳಾಸದ ಬಾಲ ಕತ್ತರಿಸಿಹೋಗುತ್ತಿತ್ತು, ಗಿಡ್ಡ ವಿಳಾಸದ ಹಿಂದೆ ಖಾಲಿ ಜಾಗ ತುಂಬಬೇಕಿತ್ತು. ಈ ಎಣಿಕೆಯಿಂದ ಬಿಡುಗಡೆ ಕೊಟ್ಟದ್ದು ಕಾಮಾ. 1970ರ ದಶಕದ ಆರಂಭದಲ್ಲೇ ಐಬಿಎಂನ ಒಂದು ಫೋರ್ಟ್ರಾನ್ ಕಂಪೈಲರ್ ಕಾಮಾದಿಂದ ಬೇರ್ಪಡಿಸಿದ ಮೌಲ್ಯಗಳನ್ನು ಓದುತ್ತಿತ್ತು. ಆದರೆ ಅದು ಹೆಚ್ಚಾಗಿ ಅಂಕಿಗಳ ಪ್ರಪಂಚ. ಅಂಕಿಯೊಳಗೆ ಕಾಮಾ ಇರದು ಎಂಬ ನಂಬಿಕೆ ಅಲ್ಲಿ ನಡೆಯುತ್ತಿತ್ತು. (1,25,000 ಎಂದು ಬರೆಯುವ ನಮ್ಮ ಲೆಕ್ಕಿಗರನ್ನು ಕೇಳಿದ್ದರೆ ಅದೂ ನಡೆಯುತ್ತಿರಲಿಲ್ಲ.)

ಇದಕ್ಕೆ ಉಪಾಯ ತಡವಾಗಿ ಬರಲಿಲ್ಲ. 1983ರ ಓಸ್ಬೋರ್ನ್ ಎಕ್ಸಿಕ್ಯುಟಿವ್ ಗಣಕದ ಜೊತೆ ಬಂದ ಸೂಪರ್‌ಕ್ಯಾಲ್ಕ್ ಕೈಪಿಡಿಯಲ್ಲೇ, ಕಾಮಾ ಇರುವ ಪಠ್ಯವನ್ನು ಜೋಡಿ ಕೋಟ್ ಗುರುತಿನೊಳಗೆ ಇಡುವ ಪದ್ಧತಿ ಇದೆ. ಪದ್ಧತಿ ಇತ್ತು, ನಿಯಮ ಇರಲಿಲ್ಲ. ಒಂದೊಂದು ತಂತ್ರಾಂಶ ಒಂದೊಂದು ರೀತಿ ಬರೆಯಿತು. ದಶಮಾಂಶಕ್ಕೆ ಕಾಮಾ ಬಳಸುವ ಯುರೋಪಿನ ದೇಶಗಳಲ್ಲಿ ಎಕ್ಸೆಲ್ ಸೆಮಿಕೋಲನ್ ಹಿಡಿಯಿತು. ಆಸ್ಕಿ ಅಕ್ಷರಪಟ್ಟಿಯಲ್ಲಿ ಕಾಲಂ ಬೇರ್ಪಡಿಸಲೆಂದೇ 31ನೇ ಸಂಖ್ಯೆಯ ಗುರುತು, ಸಾಲು ಬೇರ್ಪಡಿಸಲು 30ನೆಯದು ಇದ್ದವು. ಆದರೆ ಕೀಲಿಮಣೆಯಲ್ಲಿ ಅವಕ್ಕೊಂದು ಕೀಲಿ ಇರಲಿಲ್ಲ, ಪರದೆಯ ಮೇಲೆ ಅವು ಕಾಣುತ್ತಲೂ ಇರಲಿಲ್ಲ. ಹಾಗಾಗಿ ಬಳಕೆಯಲ್ಲಿ ನಿಲ್ಲಲಿಲ್ಲ.

2003ರಲ್ಲಿ ಪೈಥಾನ್ ಭಾಷೆ ತನ್ನ ಗ್ರಂಥಾಲಯಕ್ಕೆ ಸಿಎಸ್‌ವಿ ಓದುವ ಭಾಗ ಸೇರಿಸಿದಾಗ, ಈ ಕಡತಗಳಿಗೆ ಹಲವು ‘ಉಪಭಾಷೆ’ಗಳಿವೆ ಎಂದು ಒಪ್ಪಿಕೊಂಡೇ ಸೇರಿಸಿತು. 2005ರ ಅಕ್ಟೋಬರಿನಲ್ಲಿ ಯಾಕೋವ್ ಶಾಫ್ರನೋವಿಚ್ ಬರೆದ ಆರ್‌ಎಫ್‌ಸಿ 4180 ಹೊರಬಂತು. ಅದು ಕಡ್ಡಾಯ ಮಾನದಂಡವಲ್ಲ, ರೂಢಿಯಲ್ಲಿದ್ದುದನ್ನು ಬರೆದಿಟ್ಟ ಮಾಹಿತಿ ಪತ್ರ. ಆದರೂ ಜಗಳ ಬಂದಾಗ ಎಲ್ಲರೂ ಬೊಟ್ಟು ಮಾಡುವುದು ಅದರ ಕಡೆಗೇ. ಕಾಮಾ, ಕೋಟ್ ಅಥವಾ ಸಾಲು ಮುರಿತ ಇರುವ ಮೌಲ್ಯವನ್ನು ಕೋಟ್‌ನಲ್ಲಿ ಸುತ್ತಬೇಕು, ಒಳಗೆ ಕೋಟ್ ಬಂದರೆ ಅದನ್ನು ಎರಡು ಸಲ ಬರೆಯಬೇಕು ಎನ್ನುತ್ತದೆ ಅದು.

ಈ ಎರಡನೇ ಮಾತನ್ನು ಪುಣೆಯಲ್ಲಿ ಕಡೆಗಣಿಸುವಂತಿಲ್ಲ. ಬಂಗಲೆಗೆ ಹೆಸರಿಟ್ಟು, ವಿಳಾಸ ಬರೆಯುವಾಗ ಆ ಹೆಸರಿಗೆ ಕೋಟ್ ಹಾಕುವವರು ಅಲ್ಲಿದ್ದಾರೆ. ‘ಆನಂದ’, ಪ್ರಭಾತ್ ರಸ್ತೆ ಎಂಬ ವಿಳಾಸದ ಎರಡೂ ತುದಿಗೆ ಸುಮ್ಮನೆ ಕೋಟ್ ಅಂಟಿಸಿದರೆ, ಒಳಗಿನ ಕೋಟ್ ಹೊರಗಿನದನ್ನು ಮುಚ್ಚಿಬಿಡುತ್ತದೆ, ಕಾಮಾ ಮತ್ತೆ ಬಯಲಿಗೆ ಬೀಳುತ್ತದೆ. ಮೊದಲನೆಯದು ತಪ್ಪು, ಎರಡನೆಯದು ಸರಿ:

```
103,""Anand", Prabhat Road",Pune,411004,500
103,"""Anand"", Prabhat Road",Pune,411004,500
```

ನೋಡಲು ಎರಡನೆಯದೇ ವಿಕಾರ, ಒಪ್ಪುತ್ತೇನೆ. ಕೈಯಿಂದ ಕೋಟ್ ಹಾಕುವವರು ಇನ್ನೊಂದು ಕಡೆಯೂ ಎಡವುತ್ತಾರೆ: ಕಾಮಾ ಆದಮೇಲೆ ಒಂದು ಖಾಲಿ ಜಾಗ ಬಿಟ್ಟು ಕೋಟ್ ತೆರೆಯುತ್ತಾರೆ. ಆರ್‌ಎಫ್‌ಸಿಯ ಪ್ರಕಾರ ಆ ಖಾಲಿ ಜಾಗವೂ ಮೌಲ್ಯದ ಭಾಗ. ಆದ್ದರಿಂದ ಪೈಥಾನ್ ಆ ಕೋಟನ್ನು ಸುತ್ತುವ ಗುರುತೆಂದು ತಿಳಿಯುವುದಿಲ್ಲ, ಒಳಗಿನ ಕಾಮಾದಲ್ಲಿ ವಿಳಾಸ ಒಡೆಯುತ್ತದೆ. ವರ್ಡ್‌ನಿಂದ ನಕಲಿಸಿದಾಗ ಬರುವ ಬಾಗಿದ ಕೋಟ್‌ಗಳಂತೂ ಲೆಕ್ಕಕ್ಕೇ ಇಲ್ಲ.

ಬರೆಯುವವರ ತಪ್ಪನ್ನು ಓದುವ ತಂತ್ರಾಂಶ ಹೇಗೆ ಎದುರಿಸಬೇಕು ಎಂಬುದರಲ್ಲಿ ಈ ಕ್ಷೇತ್ರ ನಿಜವಾಗಿ ಬದಲಾಗಿದೆ. ಕಟ್ಟುನಿಟ್ಟಿನ ಮೋಡ್ ಇಲ್ಲದ MySQL ನಮ್ಮ 102ನೇ ಸಾಲನ್ನು ಒಳಗೆ ಬಿಟ್ಟುಕೊಂಡು, ಅಂಕಿ ಮಾತ್ರ ಹಿಡಿಸುವ ಪಿನ್ ಕಾಲಮ್ಮಿನಲ್ಲಿ ಕೊಥರೂಡ್ ಬದಲು ಸೊನ್ನೆ ಬರೆದು, ಹೆಚ್ಚುವರಿ ತುಂಡುಗಳನ್ನು ಬಿಸಾಕಿ, ಬರೀ ಎಚ್ಚರಿಕೆಗಳೊಂದಿಗೆ ಮುಗಿಸುತ್ತದೆ. PostgreSQL ಹಾಗಲ್ಲ, ಹೆಚ್ಚು ತುಂಡು ಕಂಡೊಡನೆ ಕೆಲಸ ನಿಲ್ಲಿಸುತ್ತದೆ. pandas ಕೂಡ ಮೂರನೇ ಸಾಲಿನಲ್ಲಿ ಐದರ ಬದಲು ಏಳು ಕಂಡೆನೆಂದು ದೂರುತ್ತದೆ. ಆದರೆ ಮಾಹಿತಿಯ ಎಲ್ಲ ಸಾಲಿನಲ್ಲೂ ತಲೆಪಟ್ಟಿಗಿಂತ ಸರಿಯಾಗಿ ಒಂದೇ ತುಂಡು ಹೆಚ್ಚಿದ್ದರೆ ಅದು ತಕರಾರು ಮಾಡುವುದಿಲ್ಲ. ಮೊದಲ ತುಂಡನ್ನು ಸಾಲಿನ ಗುರುತೆಂದು ಪಕ್ಕಕ್ಕಿಟ್ಟು, ಉಳಿದವನ್ನು ಒಂದು ಮನೆ ಎಡಕ್ಕೆ ಸರಿಸಿಬಿಡುತ್ತದೆ. ಪ್ರತಿ ವಿಳಾಸದಲ್ಲೂ ಒಂದೇ ಕಾಮಾ ಇರುವ ಪೇಠೆಯ ಪಟ್ಟಿಯಲ್ಲಿ ಇದು ಆಗಿಯೇ ಆಗುತ್ತದೆ.

ಎಕ್ಸೆಲ್ ಯಾವ ದೂರೂ ಹೇಳದೆ ಕಡತ ತೆರೆಯುತ್ತದೆ. ಬಲಕ್ಕೆ ಸರಿದು, ತಲೆಪಟ್ಟಿ ಮುಗಿದ ಮೇಲೂ ಮೌಲ್ಯಗಳಿವೆಯೇ ಎಂದು ನೋಡುವುದೇ ಅಲ್ಲಿ ಮೊದಲ ಪರೀಕ್ಷೆ. ನೋಡಿ ಮುಚ್ಚಬೇಕು, ಉಳಿಸಬಾರದು. ಒಡೆದ ವಿಳಾಸದಿಂದ 12/4 ಎಂಬ ತುಂಡು ಒಂಟಿಯಾಗಿ ಒಂದು ಮನೆಯಲ್ಲಿ ಕೂತರೆ ದಿನವನ್ನು ಮೊದಲು ಬರೆಯುವ ನಮ್ಮ ಕ್ರಮದ ಗಣಕದಲ್ಲಿ ಎಕ್ಸೆಲ್ ಅದನ್ನು ಏಪ್ರಿಲ್ 12 ಎಂದು ಓದುತ್ತದೆ. ಉಳಿಸಿದ ಮೇಲೆ ಮನೆ ನಂಬರು ಹೋಗಿ ತಾರೀಖು ಉಳಿಯುತ್ತದೆ.

ಕಡತ ಕೊಟ್ಟವರಿಂದ ಕೋಟ್ ಹಾಕಿದ ಹೊಸ ಪ್ರತಿ ತರಿಸುವುದು ಒಳ್ಳೆಯದು. ಅದು ಸಿಗದಿದ್ದರೆ ಎರಡು ತುದಿಯಿಂದ ಹಿಡಿಯುವ ದಾರಿಯಿದೆ. ನಮ್ಮ ಪಟ್ಟಿಯಲ್ಲಿ ವಿಳಾಸದ ಎಡಕ್ಕೆ ಒಂದು ಕಾಲಂ, ಬಲಕ್ಕೆ ಮೂರು. ಎಡದಿಂದ ಒಂದನ್ನೂ ಬಲದಿಂದ ಮೂರನ್ನೂ ತೆಗೆದಿಟ್ಟರೆ ನಡುವೆ ಉಳಿದದ್ದೆಲ್ಲ ವಿಳಾಸ:

```
p = line.rstrip("\r\n").split(",")
row = [p[0], ",".join(p[1:-3])] + p[-3:]
```

ಮುಕ್ತವಾಗಿ ಬರೆಯುವ ಕಾಲಂ ಒಂದೇ ಇದ್ದಾಗ ಇದು ಕೆಲಸ ಮಾಡುತ್ತದೆ. ‘ಕುಲಕರ್ಣಿ, ಎ.’ ಎಂಬಂತೆ ಹೆಸರಿನಲ್ಲೂ ಕಾಮಾ ಬಂದರೆ, ಹೆಸರು ಎಲ್ಲಿ ಮುಗಿದು ವಿಳಾಸ ಎಲ್ಲಿ ಶುರುವಾಯಿತೆಂದು ಕಡತ ಹೇಳಲಾರದು. ಹಣದ ಕಾಲಮ್ಮಿನಲ್ಲಿ 1,200 ಎಂದು ಬರೆದಿದ್ದರೂ ಬಲ ತುದಿಯ ಲೆಕ್ಕ ತಪ್ಪುತ್ತದೆ. ಆಗ ಆರು ಅಂಕಿಯ ಪಿನ್ನನ್ನೇ ಗೂಟವಾಗಿ ಹಿಡಿದು ಅದರ ಎರಡೂ ಬದಿ ಎಣಿಸಬೇಕು.

ತುಂಡುಗಳ ಎಣಿಕೆಗೆ ಸಿಗದ ಸಾಲುಗಳೂ ಇವೆ. ವಿಳಾಸದಲ್ಲಿ ಒಂದು ಕಾಮಾ ಹೆಚ್ಚಿದ್ದು, ಊರಿನ ಹೆಸರನ್ನು ಅದರ ಕಾಮಾದೊಂದಿಗೇ ಯಾರೋ ಬಿಟ್ಟಿದ್ದರೆ ಒಟ್ಟು ಐದೇ ಆಗುತ್ತದೆ. ಪಿನ್ನು, ಹಣ ತಮ್ಮ ಜಾಗದಲ್ಲೇ ಇರುತ್ತವೆ, ಸದಾಶಿವ ಪೇಠ ಮಾತ್ರ ಊರಾಗಿ ಕೂತಿರುತ್ತದೆ. PostgreSQL ಕೂಡ ಇದನ್ನು ತಡೆಯುವುದಿಲ್ಲ. ಕಾಲಂ ಒಂದೊಂದರಲ್ಲೂ ಏನಿರಬಹುದು ಎಂಬುದನ್ನು ಕಡತದ ಪಕ್ಕದಲ್ಲೇ ಇನ್ನೊಂದು ಕಡತದಲ್ಲಿ ಬರೆದಿಡುವ ಕ್ರಮವನ್ನು ಡಬ್ಲ್ಯೂ3ಸಿ 2015ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ಅಷ್ಟು ದೂರ ಹೋಗದವರು ಊರಿನ ಕಾಲಮ್ಮಿನಲ್ಲಿರುವ ಬೇರೆಬೇರೆ ಹೆಸರುಗಳನ್ನು, ಯಾವುದು ಎಷ್ಟು ಸಲ ಬಂದಿದೆ ಎಂಬುದರೊಂದಿಗೆ, ಪಟ್ಟಿ ಮಾಡಿಕೊಂಡರೂ ಸಾಕು. ಮೇಲುಗಡೆ ಪುಣೆ ನೂರಾರು ಸಲ ಇರುತ್ತದೆ. ಒಂದೊಂದೇ ಸಲ ಬಂದ ಪೇಠೆ, ರಸ್ತೆ, ಸೊಸೈಟಿಗಳು ಪಟ್ಟಿಯ ತಳದಲ್ಲಿ ಸಿಗುತ್ತವೆ.