ಸಮಷ್ಟಿಯ ಅಂಕಿ, ವ್ಯಕ್ತಿಯ ಬದುಕು: ಎರಡು ಹೇತ್ವಾಭಾಸಗಳ ಚರಿತ್ರೆ

ಒಂದು ಪ್ರಾಂತ್ಯದ ಸರಾಸರಿಯನ್ನು ನೋಡಿ ಅಲ್ಲಿನ ವ್ಯಕ್ತಿಗಳ ಬಗ್ಗೆ ತೀರ್ಮಾನ ಕೊಡುವ ಪದ್ಧತಿ ಸಮಾಜವಿಜ್ಞಾನದಷ್ಟೇ ಹಳೆಯದು. ಎಮಿಲ್ ದುರ್ಖೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನವು ಜರ್ಮನ್ ಪ್ರಾಂತ್ಯಗಳ ಅಂಕಿಅಂಶಗಳನ್ನೂ ಆಧರಿಸಿತ್ತು. ಪ್ರೊಟೆಸ್ಟೆಂಟರ ಪ್ರಮಾಣ ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಆತ್ಮಹತ್ಯೆಯ ದರವೂ ಹೆಚ್ಚಿದ್ದುದರಿಂದ ಪ್ರೊಟೆಸ್ಟೆಂಟರಲ್ಲಿ ಆ ಪ್ರವೃತ್ತಿ ಹೆಚ್ಚು ಎಂಬ ನಿರ್ಣಯಕ್ಕೆ ಅವನು ಬಂದನು. ಆದರೆ ಪ್ರಾಂತ್ಯದ ಕೋಷ್ಟಕದಲ್ಲಿ ಸತ್ತವರ ಧರ್ಮ ನಮೂದಾಗಿರುವುದಿಲ್ಲ. ಪ್ರೊಟೆಸ್ಟೆಂಟ್ ಬಹುಸಂಖ್ಯಾತ ಪ್ರಾಂತ್ಯಗಳಲ್ಲಿ ಒಂಟಿಯಾಗಿ ಉಳಿದ ಕ್ಯಾಥೊಲಿಕ್ ಅಲ್ಪಸಂಖ್ಯಾತರೇ ಹೆಚ್ಚು ಆತ್ಮಹತ್ಯೆ ಮಾಡಿಕೊಂಡಿದ್ದರೂ ಅದೇ ಕೋಷ್ಟಕ ಸಿದ್ಧವಾಗುತ್ತಿತ್ತು. ಸಮಾಜಶಾಸ್ತ್ರಜ್ಞ ಹನಾನ್ ಸೆಲ್ವಿನ್ 1958ರಲ್ಲಿ ದುರ್ಖೈಮನ ಕೃತಿಯನ್ನು ಪರಿಶೀಲಿಸುತ್ತ ಇಂಥ ತಪ್ಪುತರ್ಕಕ್ಕೆ ‘ಇಕಲಾಜಿಕಲ್ ಫ್ಯಾಲಸಿ’ ಎಂಬ ಹೆಸರನ್ನು ಬಳಸಿದನು. ಸಮೂಹದ ಮಟ್ಟದಲ್ಲಿ ಕಂಡ ಸಂಬಂಧವನ್ನು ವ್ಯಕ್ತಿಗಳಿಗೆ ಆರೋಪಿಸುವ ಈ ದೋಷವನ್ನು ಇಲ್ಲಿ ‘ಸಮಷ್ಟಿ ಹೇತ್ವಾಭಾಸ’ ಎಂದು ಕರೆಯಲಾಗಿದೆ.

ಹೆಸರು ಬರುವ ಮೊದಲೇ, 1950ರಲ್ಲಿ, ವಿಲಿಯಂ ರಾಬಿನ್ಸನ್ ಈ ದೋಷವನ್ನು ಅಂಕಿಗಳಲ್ಲಿ ತೋರಿಸಿದ್ದನು. ಅಮೆರಿಕದ 1930ರ ಜನಗಣತಿಯಲ್ಲಿ ಹತ್ತು ವರ್ಷ ಮೀರಿದವರ ಅಕ್ಷರಜ್ಞಾನ ಮತ್ತು ಹುಟ್ಟಿದ ದೇಶ ಎರಡೂ ದಾಖಲಾಗಿದ್ದವು. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು −1ರಿಂದ +1ರವರೆಗಿನ ಸಂಖ್ಯೆಯಲ್ಲಿ ಹೇಳುವ ಅಳತೆಗೆ ಸಹಸಂಬಂಧ ಗುಣಾಂಕವೆಂದು ಹೆಸರು. ಆಗಿನ 48 ರಾಜ್ಯಗಳನ್ನು ಘಟಕಗಳಾಗಿ ಇಟ್ಟುಕೊಂಡು, ವಿದೇಶದಲ್ಲಿ ಹುಟ್ಟಿದವರ ಪ್ರಮಾಣಕ್ಕೂ ಅನಕ್ಷರಸ್ಥರ ಪ್ರಮಾಣಕ್ಕೂ ಇರುವ ಗುಣಾಂಕವನ್ನು ಲೆಕ್ಕ ಹಾಕಿದಾಗ ಅದು −0.526 ಎಂದು ಬಂದಿತು. ವಲಸಿಗರು ಹೆಚ್ಚಿದ್ದಷ್ಟೂ ಅನಕ್ಷರತೆ ಕಡಿಮೆ ಎಂಬುದೇ ಇದರ ಮೇಲ್ನೋಟದ ಅರ್ಥ. ಅದೇ ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸಿದಾಗ ಗುಣಾಂಕವು +0.118 ಆಯಿತು, ಅಂದರೆ ವಲಸಿಗರಲ್ಲಿ ಅನಕ್ಷರತೆ ಸ್ವಲ್ಪ ಹೆಚ್ಚೇ ಇತ್ತು. ಇಲ್ಲಿ ಸಂಬಂಧದ ಬಲ ಮಾತ್ರವಲ್ಲದೆ ದಿಕ್ಕೂ ತಿರುಗಿಹೋಗಿತ್ತು.

ವಲಸಿಗರು ದೇಶದ ತುಂಬ ಸಮನಾಗಿ ಹರಡಿಕೊಳ್ಳದೆ, ಸ್ಥಳೀಯರಲ್ಲಿ ಅಕ್ಷರಜ್ಞಾನ ಮೊದಲೇ ಹೆಚ್ಚಿದ್ದ ರಾಜ್ಯಗಳಲ್ಲಿ ಹೆಚ್ಚಾಗಿ ನೆಲೆಸಿದ್ದುದೇ ಇದಕ್ಕೆ ಕಾರಣ. ನ್ಯೂಯಾರ್ಕಿನಂಥ ರಾಜ್ಯದಲ್ಲಿ ವಲಸಿಗರು ಬಹಳವಿದ್ದು, ಅವರ ಸುತ್ತಲಿನ ಸ್ಥಳೀಯರು ಬಹುತೇಕ ಓದುಬರಹ ಬಲ್ಲವರಾಗಿದ್ದರು. ದಕ್ಷಿಣದ ರಾಜ್ಯಗಳಲ್ಲಿ ವಲಸಿಗರು ವಿರಳವಾಗಿದ್ದು, ಶಾಲೆಯಿಂದ ವಂಚಿತರಾದ ಸ್ಥಳೀಯರ ಸಂಖ್ಯೆ ದೊಡ್ಡದಾಗಿತ್ತು. ರಾಜ್ಯಗಳ ಸರಾಸರಿಗಳು ಅಳೆದದ್ದು ವಲಸಿಗರ ಅಕ್ಷರಜ್ಞಾನವನ್ನಲ್ಲ, ಅವರು ಆರಿಸಿಕೊಂಡ ಊರುಗಳ ಅಕ್ಷರಜ್ಞಾನವನ್ನು. ರಾಜ್ಯಗಳನ್ನು ಒಂಬತ್ತು ದೊಡ್ಡ ವಿಭಾಗಗಳಾಗಿ ಒಟ್ಟುಗೂಡಿಸಿದಾಗ ಗುಣಾಂಕವು −0.619ಕ್ಕೆ ಸರಿಯಿತು. ಒಬ್ಬನೇ ಒಬ್ಬ ವ್ಯಕ್ತಿಯ ಸ್ಥಿತಿಯೂ ಬದಲಾಗದೆ ಗಡಿರೇಖೆಗಳು ಬದಲಾದುದರಿಂದಷ್ಟೇ ಉತ್ತರ ಬದಲಾದದ್ದು ಇಡೀ ಪ್ರಕರಣದ ಅತ್ಯಂತ ಕಳವಳಕಾರಿ ಭಾಗ.

ರಾಬಿನ್ಸನ್ನನ ಲೇಖನದ ನಂತರ ಮುಂದಿನ ಪ್ರಶ್ನೆ ಸಹಜವಾಗಿ ಎದ್ದಿತು: ಗುಪ್ತ ಮತದಾನದಲ್ಲಿ ಆಗುವಂತೆ ವ್ಯಕ್ತಿಗಳ ದಾಖಲೆಯೇ ಇಲ್ಲದಿದ್ದಾಗ ಸಮೂಹದ ಅಂಕಿಗಳಿಂದ ಎಷ್ಟನ್ನು ಖಚಿತವಾಗಿ ಹೇಳಬಹುದು? 1953ರಲ್ಲಿ ಇದಕ್ಕೆ ಎರಡು ಉತ್ತರಗಳು ಬಂದವು. ಒಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡೇವಿಸ್ ಸೂಚಿಸಿದ ಮಿತಿಗಳ ವಿಧಾನವು ಊಹೆಯನ್ನೇ ಬಿಟ್ಟು ಕೂಡುಕಳೆಯುವ ಲೆಕ್ಕದಲ್ಲಿ ನಿಲ್ಲುತ್ತದೆ. ಒಂದು ಮತಗಟ್ಟೆಯಲ್ಲಿ ಸಾವಿರ ಮಂದಿ ಮತ ಹಾಕಿದರೆಂದೂ, ಅವರಲ್ಲಿ 600 ಮಂದಿ ಒಂದು ಸಮುದಾಯದವರು, 400 ಮಂದಿ ಇನ್ನೊಂದು ಸಮುದಾಯದವರೆಂದೂ, ಒಬ್ಬ ಅಭ್ಯರ್ಥಿಗೆ 700 ಮತ ಬಿದ್ದಿತೆಂದೂ ಭಾವಿಸೋಣ. ಎರಡನೆಯ ಸಮುದಾಯದ ಎಲ್ಲರೂ ಅವನಿಗೇ ಮತ ಹಾಕಿದ್ದರೂ ಉಳಿದ 300 ಮತಗಳು ಮೊದಲನೆಯ ಸಮುದಾಯದಿಂದಲೇ ಬಂದಿರಬೇಕು. ಆದ್ದರಿಂದ ಆ ಸಮುದಾಯದ ಬೆಂಬಲ ಶೇ. 50ಕ್ಕಿಂತ ಕಡಿಮೆಯಿರಲಾರದು, ಶೇ. 100ರವರೆಗೂ ಇರಬಹುದು. ಎರಡನೆಯ ಸಮುದಾಯದ ಬೆಂಬಲ ಶೇ. 25ರಿಂದ 100ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂತರ ವಿಶಾಲವಾಗಿದ್ದರೂ ಅದರೊಳಗಿನ ಮಾತು ಎಂದಿಗೂ ಸುಳ್ಳಾಗುವುದಿಲ್ಲ.

ಲಿಯೊ ಗುಡ್‌ಮನ್ ಕೊಟ್ಟ ಎರಡನೆಯ ಉತ್ತರವು ಹಲವು ಮತಗಟ್ಟೆಗಳ ಅಂಕಿಗಳ ನಡುವೆ ಒಂದು ಸರಳರೇಖೆಯನ್ನು ಎಳೆದು, ಒಂದು ಸಮುದಾಯ ಶೇ. 100 ಇರುವ ಕಡೆಗೆ ಅದನ್ನು ವಿಸ್ತರಿಸುತ್ತದೆ. ಸಮುದಾಯವೊಂದರ ಬೆಂಬಲ ಎಲ್ಲ ಮತಗಟ್ಟೆಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂಬ ಊಹೆ ಇದರ ಬುನಾದಿ. ಮೇಲಿನ ಮತಗಟ್ಟೆಯ ಜೊತೆಗೆ, ಮೊದಲ ಸಮುದಾಯ ಶೇ. 20ರಷ್ಟಿದ್ದು ಅಭ್ಯರ್ಥಿಗೆ ಶೇ. 30 ಮತ ಬಂದ ಇನ್ನೊಂದನ್ನು ಸೇರಿಸಿದರೆ, ರೇಖೆಯು ಆ ಸಮುದಾಯದ ಬೆಂಬಲ ಶೇ. 110 ಎಂದು ತೋರಿಸುತ್ತದೆ. ನೂರನ್ನು ಮೀರಿದ ಈ ಉತ್ತರವೇ ಊಹೆ ಮುರಿದುಬಿದ್ದಿದೆ ಎಂಬುದರ ಗುರುತು: ತಾವು ಹೆಚ್ಚಿರುವ ಕಡೆ ಆ ಸಮುದಾಯದವರು, ಅಥವಾ ಅವರ ನಡುವೆ ಇರುವ ಇತರರು, ಬೇರೆಯೇ ರೀತಿ ಮತ ಹಾಕುತ್ತಿದ್ದಾರೆ. ಆದರೆ ಊಹೆ ಮುರಿದಾಗಲೆಲ್ಲ ಉತ್ತರ ಹೀಗೆ ಎದ್ದು ಕಾಣುವುದಿಲ್ಲ, ಶೇ. 85 ಎಂಬ ಸಭ್ಯ ಉತ್ತರವೂ ಅಷ್ಟೇ ತಪ್ಪಾಗಿರಬಹುದು. ಗ್ಯಾರಿ ಕಿಂಗ್ 1997ರಲ್ಲಿ ಎರಡೂ ವಿಧಾನಗಳನ್ನು ಬೆಸೆದನಾದರೂ, ಡೇವಿಡ್ ಫ್ರೀಡ್‌ಮನ್ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಅದರ ಹಿಂದಿನ ಊಹೆಗಳನ್ನು ಪ್ರಶ್ನಿಸಿದರು.

ಈ ನಡುವೆ ರಾಬಿನ್ಸನ್ನನ ಎಚ್ಚರಿಕೆಯು ಅವನ ವಾದಕ್ಕಿಂತ ಮುಂದೆ ಸಾಗಿ, ವ್ಯಕ್ತಿಗಳ ಸಮೀಕ್ಷೆಯೇ ಸತ್ಯ, ಸಮೂಹದ ಅಂಕಿ ಅದರ ಕೆಟ್ಟ ಬದಲಿ ಎಂಬ ನಂಬಿಕೆ ಬೆಳೆಯಿತು. ಹೇವರ್ಡ್ ಆಲ್ಕರ್ 1969ರಲ್ಲಿ ಇಂಥ ದೋಷಗಳನ್ನು ವರ್ಗೀಕರಿಸುವಾಗ ಎದುರು ದಿಕ್ಕಿನ ದೋಷವನ್ನೂ ಗುರುತಿಸಿದನು. ವ್ಯಕ್ತಿಗಳ ನಡುವೆ ಕಂಡ ಸಂಬಂಧವನ್ನು ಸಮೂಹಗಳ ನಡುವಿನ ವ್ಯತ್ಯಾಸಕ್ಕೆ ಕಾರಣವೆಂದು ತಿಳಿಯುವ ಈ ದೋಷಕ್ಕೆ ‘ಅಟಾಮಿಸ್ಟಿಕ್ ಫ್ಯಾಲಸಿ’ ಎಂಬ ಹೆಸರು ರೂಢಿಯಲ್ಲಿದೆ. ಇದನ್ನು ‘ವ್ಯಷ್ಟಿ ಹೇತ್ವಾಭಾಸ’ ಎನ್ನಬಹುದು. ಬ್ರಿಟನ್ನಿನ ಜೆಫ್ರಿ ರೋಸ್ 1985ರಲ್ಲಿ ಇದನ್ನು ಸ್ಪಷ್ಟಪಡಿಸಲು ಒಂದು ಕಲ್ಪನೆಯನ್ನು ಮುಂದಿಟ್ಟನು. ಒಂದು ದೇಶದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಇಪ್ಪತ್ತು ಸಿಗರೇಟು ಸೇದಿದರೆ, ಅಲ್ಲಿ ರೋಗಿಗಳನ್ನೂ ನಿರೋಗಿಗಳನ್ನೂ ಹೋಲಿಸುವ ಯಾವ ಅಧ್ಯಯನಕ್ಕೂ ಸಿಗರೇಟಿನ ಪಾತ್ರ ಕಾಣುವುದಿಲ್ಲ. ಯಾರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತೆಂಬುದನ್ನು ಅನುವಂಶೀಯತೆಯೇ ನಿರ್ಧರಿಸಿದಂತೆ ತೋರುತ್ತದೆ. ಆ ಅಧ್ಯಯನದಲ್ಲಿ ಲೆಕ್ಕದ ತಪ್ಪೇನೂ ಇರುವುದಿಲ್ಲ. ಆದರೂ ಆ ದೇಶದಲ್ಲಿ ರೋಗ ನೆರೆಯ ದೇಶಕ್ಕಿಂತ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಅನುವಂಶೀಯತೆಯನ್ನು ಉತ್ತರವಾಗಿ ಕೊಟ್ಟರೆ, ಎಲ್ಲರ ಕೈಯಲ್ಲೂ ಇರುವ ಕಾರಣವೇ ಲೆಕ್ಕದಿಂದ ಹೊರಗುಳಿಯುತ್ತದೆ.

ಎರಡು ದೋಷಗಳ ಮೂಲ ಒಂದೇ ಎಂಬುದು ಗ್ಲೆನ್ ಫೈರ್‌ಬಾ 1978ರಲ್ಲಿ ಮಂಡಿಸಿದ ನಿಯಮದಿಂದ ತಿಳಿಯುತ್ತದೆ. ವ್ಯಕ್ತಿಯ ಸ್ವಂತ ಸ್ಥಿತಿಯನ್ನು ಗಣಿಸಿದ ಮೇಲೂ ಅವನ ಸುತ್ತಲಿನವರ ಸರಾಸರಿ ಸ್ಥಿತಿಯು ಫಲಿತಾಂಶದೊಡನೆ ಸಂಬಂಧ ಉಳಿಸಿಕೊಂಡಿದ್ದರೆ, ಒಂದು ಮಟ್ಟದ ಉತ್ತರವನ್ನು ಇನ್ನೊಂದಕ್ಕೆ ಒಯ್ಯಲಾಗದು. ಮುಂದೆ ಬಹುಸ್ತರ ವಿಶ್ಲೇಷಣೆ ಎಂಬ ವಿಧಾನವು ವ್ಯಕ್ತಿಯ ಲಕ್ಷಣವನ್ನೂ ಅವನು ಬದುಕುವ ಪ್ರದೇಶದ ಲಕ್ಷಣವನ್ನೂ ಒಂದೇ ಲೆಕ್ಕದೊಳಗೆ ಬೇರೆಬೇರೆಯಾಗಿ ಅಳೆಯಲು ಅನುವುಮಾಡಿಕೊಟ್ಟಿತು.

ಈ ವಿಧಾನವನ್ನು ಎಸ್. ವಿ. ಸುಬ್ರಮಣಿಯನ್ ಮತ್ತು ಸಂಗಡಿಗರು 2009ರಲ್ಲಿ 1930ರ ಅದೇ ಅಂಕಿಗಳಿಗೆ ಅನ್ವಯಿಸಿದರು. ರಾಬಿನ್ಸನ್ನನ ಲೇಖನದಲ್ಲಿ ವರ್ಣ ಮತ್ತು ಅನಕ್ಷರತೆಯ ಉದಾಹರಣೆಯೂ ಇತ್ತು: ವ್ಯಕ್ತಿಗಳ ಮಟ್ಟದಲ್ಲಿ ಗುಣಾಂಕ 0.203, ರಾಜ್ಯಗಳ ಮಟ್ಟದಲ್ಲಿ 0.773. ಮೊದಲನೆಯದು ನಿಜ, ಎರಡನೆಯದು ಉಬ್ಬಿದ ಭ್ರಮೆ ಎಂಬುದು ಬಹುಕಾಲದ ಓದು. ಹೊಸ ವಿಶ್ಲೇಷಣೆಯಲ್ಲಿ, ವ್ಯಕ್ತಿಯ ವರ್ಣವನ್ನು ಗಣಿಸಿದ ಮೇಲೂ ಅನಕ್ಷರತೆ ರಾಜ್ಯದಿಂದ ರಾಜ್ಯಕ್ಕೆ ಬಹಳ ಭಿನ್ನವಾಗಿದ್ದು, ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಿಗೆ ದೂಡಿದ ಜಿಮ್ ಕ್ರೋ ಕಾನೂನುಗಳೊಡನೆ ಆ ಭಿನ್ನತೆಗೆ ಸಂಬಂಧವಿರುವುದು ಕಂಡಿತು. ದೇಶದ ಎಲ್ಲರನ್ನೂ ಒಂದೇ ರಾಶಿಯಲ್ಲಿ ಎಣಿಸಿದ 0.203 ಎಂಬ ಗುಣಾಂಕದಲ್ಲಿ ಆ ಕಾನೂನುಗಳಿಗೆ ಸ್ಥಳವೇ ಇರಲಿಲ್ಲ. ಅದು ಶಾಲಾವ್ಯವಸ್ಥೆಯ ಅನ್ಯಾಯವನ್ನು ವ್ಯಕ್ತಿಯ ವರ್ಣಕ್ಕೆ ಅಂಟಿದ ಗುಣದಂತೆ ತೋರಿಸುತ್ತಿತ್ತು.