ಅದೇ ಮಕ್ಕಳು, ಎರಡು ಪರೀಕ್ಷೆ: ಜೋಡಿ ಟಿ-ಪರೀಕ್ಷೆ ಬೆಳೆದುಬಂದ ದಾರಿ

ಜೂನ್ ತಿಂಗಳಲ್ಲಿ ಶಾಲೆ ಶುರುವಾದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲೂ ರಾಜ್ಯದ ಉಳಿದೆಡೆಯಂತೆ ಸೇತುಬಂಧ ನಡೆಯುತ್ತದೆ. ಮೊದಲು ನೈದಾನಿಕ ಪರೀಕ್ಷೆ, ಆಮೇಲೆ ಹಿಂದಿನ ತರಗತಿಯಲ್ಲಿ ಬಿಟ್ಟುಹೋದ ಕಲಿಕೆಯನ್ನು ತುಂಬುವ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ಒಂದೇ ಮಗುವಿನ ಹೆಸರಿನ ಮುಂದೆ ಎರಡು ಅಂಕಗಳು ಕೂರುತ್ತವೆ. ಈ ಎರಡು ಕಂಬಸಾಲುಗಳನ್ನು ನೋಡಿ ಪಾಠದಿಂದ ಏನಾದರೂ ಆಯಿತೇ ಎಂದು ಹೇಳುವುದು ಹೇಗೆ? ಸಾಮಾನ್ಯವಾಗಿ ಎರಡು ಸರಾಸರಿ ಬರೆದು, ಎರಡನೆಯದು ಹೆಚ್ಚಿದ್ದರೆ ಪ್ರಗತಿಯಾಗಿದೆ ಎಂದು ಷರಾ ಹಾಕುತ್ತಾರೆ. ಸ್ವಲ್ಪ ಸಂಖ್ಯಾಶಾಸ್ತ್ರ ಓದಿದವರು ಟಿ-ಪರೀಕ್ಷೆಗೆ ಹೋಗುತ್ತಾರೆ. ಆದರೆ ಬಿ.ಎಡ್. ಕ್ರಿಯಾ ಸಂಶೋಧನೆಯಿಂದ ಹಿಡಿದು ದೊಡ್ಡ ವರದಿಗಳವರೆಗೆ ಅಲ್ಲೂ ಒಂದು ತಪ್ಪು ನುಸುಳುವುದುಂಟು: ಅದೇ ಮಕ್ಕಳ ಎರಡು ಅಂಕಗಳನ್ನು ಬೇರೆ ಬೇರೆ ಮಕ್ಕಳ ಎರಡು ಗುಂಪು ಎಂಬಂತೆ ಲೆಕ್ಕ ಹಾಕುವುದು. ಈ ತಪ್ಪನ್ನು ಗುರುತಿಸಿದ್ದು ಇಂದು ನಿನ್ನೆಯಲ್ಲ, ಅದಕ್ಕೆ ನೂರು ವರ್ಷ ಆಗಿದೆ.

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಿಂದ 'ಬಯೋಮೆಟ್ರಿಕಾ' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಕೈಯಲ್ಲಿರುವುದು ನಾಲ್ಕೈದು ಅಥವಾ ಹತ್ತು ಅಳತೆಗಳಷ್ಟೇ ಆದಾಗ ಸರಾಸರಿಯನ್ನು ಎಷ್ಟು ನಂಬಬಹುದು ಎಂಬುದು ಅವನ ಪ್ರಶ್ನೆ. ಉದಾಹರಣೆಗೆ ಅವನು ಆರಿಸಿಕೊಂಡದ್ದು ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದ ನಿದ್ರೆಯ ಅಳತೆಗಳನ್ನು. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ಎರಡು ನಿದ್ರೆ ಮದ್ದುಗಳನ್ನು ಬೇರೆ ಬೇರೆ ದಿನ ಕೊಟ್ಟು, ಒಂದೊಂದರಿಂದ ಎಷ್ಟು ಗಂಟೆ ಹೆಚ್ಚು ನಿದ್ದೆ ಬಂತು ಎಂದು ಅಳೆದಿದ್ದರು. ಮೊದಲ ಮದ್ದಿನಿಂದ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ. ಗಾಸೆಟ್ ಮಾಡಿದ ಜಾಣತನದ ಕೆಲಸವೆಂದರೆ ಪ್ರತಿ ರೋಗಿಯ ಎರಡು ಅಂಕಿಗಳ ವ್ಯತ್ಯಾಸ ತೆಗೆದು, ಆ ಹತ್ತು ವ್ಯತ್ಯಾಸಗಳನ್ನೇ ಒಂದು ಪಟ್ಟಿಯಾಗಿ ನೋಡಿದ್ದು. ಸರಾಸರಿ ವ್ಯತ್ಯಾಸ 1.58 ಗಂಟೆ. ಎರಡನೆಯ ಮದ್ದೇ ಮೇಲು ಎನ್ನಲು ಸುಮಾರು 666ಕ್ಕೆ 1ರ ಪಂದ್ಯ ಕಟ್ಟಬಹುದು ಎಂದು ಅವನ ಲೆಕ್ಕ ಹೇಳಿತು. ಜೋಡಿ ಟಿ-ಪರೀಕ್ಷೆಯ ಮೊದಲ ರೂಪ ಇದೇ.

ಇದೇ ಅಂಕಿಗಳನ್ನು ರೊನಾಲ್ಡ್ ಫಿಶರ್ ತನ್ನ 1925ರ ಪುಸ್ತಕದಲ್ಲಿ ಮತ್ತೆ ಎತ್ತಿಕೊಂಡ. ವ್ಯತ್ಯಾಸಗಳಿಂದ ಲೆಕ್ಕ ಹಾಕಿದರೆ ಟಿ 4.06 ಬರುತ್ತದೆ, ಹತ್ತು ಜೋಡಿಗೆ ಇದು ಬಲವಾದ ಸಾಕ್ಷ್ಯ. ಅಷ್ಟಕ್ಕೆ ನಿಲ್ಲದೆ, ಈ ಎರಡು ಮದ್ದುಗಳನ್ನು ಬೇರೆ ಬೇರೆ ರೋಗಿಗಳಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದೂ ಅವನು ಕೇಳಿದ. ಅದೇ ಇಪ್ಪತ್ತು ಅಂಕಿಗಳನ್ನು ಎರಡು ಸ್ವತಂತ್ರ ಗುಂಪುಗಳೆಂದು ಎಣಿಸಿದರೆ ಟಿ 1.86ಕ್ಕೆ ಇಳಿಯುತ್ತದೆ, ಮದ್ದುಗಳಲ್ಲಿ ವ್ಯತ್ಯಾಸವಿದೆ ಎನ್ನಲು ಅದು ಸಾಲದು. ನನ್ನ ಮಟ್ಟಿಗೆ ಈ ವಿಷಯದ ಪಾಠವೆಲ್ಲ ಈ ಎರಡು ಅಂಕಿಗಳಲ್ಲಿದೆ.

ನಮ್ಮ ಶಾಲೆಯ ಅಳತೆಗೆ ತಂದು ನೋಡೋಣ. ಲೆಕ್ಕ ತೋರಿಸಲೆಂದು ಹತ್ತು ಮಕ್ಕಳ, 20 ಅಂಕದ ಪರೀಕ್ಷೆಯ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ನೈದಾನಿಕ ಪರೀಕ್ಷೆಯಲ್ಲಿ ಅವರ ಅಂಕಗಳು ಕ್ರಮವಾಗಿ 4, 6, 7, 9, 10, 12, 13, 15, 16, 18. ಸಾಫಲ್ಯ ಪರೀಕ್ಷೆಯಲ್ಲಿ ಅದೇ ಮಕ್ಕಳಿಗೆ 9, 7, 10, 13, 9, 14, 17, 18, 14, 19. ಸರಾಸರಿ 11ರಿಂದ 13ಕ್ಕೆ ಏರಿದೆ.

ಇವು ಬೇರೆ ಬೇರೆ ಮಕ್ಕಳ ಅಂಕಗಳೆಂದು ತಿಳಿದರೆ, ಎರಡು ಅಂಕದ ಈ ಏರಿಕೆಯನ್ನು ಮಕ್ಕಳ ನಡುವಿನ ಅಂತರದ ಎದುರು ತೂಗಬೇಕು. ಒಬ್ಬನಿಗೆ 4, ಇನ್ನೊಬ್ಬಳಿಗೆ 18 ಇರುವ ತರಗತಿಯಲ್ಲಿ ಆ ಅಂತರ ದೊಡ್ಡದು. ಮಾನಕ ದೋಷ 1.96 ಆಗುತ್ತದೆ, ಟಿ ಸುಮಾರು 1.02. ಬೇಕಾದದ್ದು 2.10. ಪಾಠದಿಂದ ಬದಲಾವಣೆ ಕಾಣಲಿಲ್ಲ ಎಂಬ ತೀರ್ಮಾನ ಬರುತ್ತದೆ.

ಈಗ ಮಗುವಿಗೊಂದರಂತೆ ವ್ಯತ್ಯಾಸ ತೆಗೆಯಿರಿ: 5, 1, 3, 4, -1, 2, 4, 3, -2, 1. ಸರಾಸರಿ ಅದೇ 2. ಆದರೆ ಈ ಹತ್ತು ಅಂಕಿಗಳ ಮಾನಕ ವಿಚಲನೆ 2.26 ಮಾತ್ರ. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.715. ಟಿ 2.80 ಆಗುತ್ತದೆ, ಒಂಬತ್ತು ಡಿಗ್ರಿ ಆಫ್ ಫ್ರೀಡಂಗೆ ಬೇಕಾದ 2.26ನ್ನು ದಾಟುತ್ತದೆ. ನಿಜವಾದ ಸರಾಸರಿ ಏರಿಕೆ ಸುಮಾರು 0.4ರಿಂದ 3.6 ಅಂಕದೊಳಗೆ ಇರಬಹುದು ಎಂದೂ ಇದೇ ಲೆಕ್ಕದಿಂದ ಹೇಳಬಹುದು. ವರದಿಯಲ್ಲಿ ಬರೆಯಬೇಕಾದದ್ದು ನಿಜವಾಗಿ ಈ ವ್ಯಾಪ್ತಿಯನ್ನು; ಬರೀ 'ಸಾರ್ಥಕ' ಎಂಬ ಪದವನ್ನಲ್ಲ.

ಅಂಕಗಳು ಬದಲಾಗಿಲ್ಲ, ಸರಾಸರಿಯೂ ಬದಲಾಗಿಲ್ಲ, ತೀರ್ಮಾನ ಮಾತ್ರ ತಿರುಗಿತು. ಕಾರಣ ಇಷ್ಟೇ: ಮೊದಲು ಹೆಚ್ಚು ತೆಗೆದವರೇ ಆಮೇಲೂ ಹೆಚ್ಚುಕಡಿಮೆ ಮುಂದಿದ್ದಾರೆ. ಈ ಪಟ್ಟಿಯಲ್ಲಿ ಎರಡು ಅಂಕಗಳ ಸಹಸಂಬಂಧ 0.87. ವ್ಯತ್ಯಾಸ ತೆಗೆದ ಕ್ಷಣ ಮಗು ಮಗುವಿನ ನಡುವೆ ಮೊದಲೇ ಇದ್ದ ಏರುಪೇರು ಕಳೆದುಹೋಗಿ, ಪ್ರತಿ ಮಗುವಿನೊಳಗಿನ ಬದಲಾವಣೆ ಮಾತ್ರ ಉಳಿಯುತ್ತದೆ. ಇದಕ್ಕೆ ತೆರುವ ಬೆಲೆಯೂ ಉಂಟು. ಡಿಗ್ರಿ ಆಫ್ ಫ್ರೀಡಂ 18ರಿಂದ 9ಕ್ಕೆ ಇಳಿಯುವುದರಿಂದ ದಾಟಬೇಕಾದ ಗಡಿ ತುಸು ಮೇಲಕ್ಕೇರುತ್ತದೆ. ಸಹಸಂಬಂಧವೇ ಇಲ್ಲದಿದ್ದರೆ ಜೋಡಿಯಿಂದ ಲಾಭವಿಲ್ಲ. ಒಂದೇ ಮಗುವಿನ ಅಂಕಗಳಲ್ಲಿ ಹಾಗಾಗುವುದು ಅಪರೂಪ.

ಕಂಪ್ಯೂಟರಿನಲ್ಲಿ ಮಾಡುವಾಗ ಎಡವುವುದು ಒಂದೇ ಒಂದು ಅಂಕಿಯಲ್ಲಿ. ಎಕ್ಸೆಲ್ ಹಾಳೆಯ ಸೂತ್ರ ಹೀಗಿರುತ್ತದೆ:

```
=T.TEST(B2:B11,C2:C11,2,1)
```

ಕೊನೆಯ 1 ಎಂದರೆ ಜೋಡಿ. ಅಲ್ಲಿ 2 ಅಥವಾ 3 ಹಾಕಿದರೆ ಸ್ವತಂತ್ರ ಗುಂಪುಗಳ ಲೆಕ್ಕ ಬರುತ್ತದೆ. ಮೂರನೆಯದು ವೆಲ್ಚ್ ರೂಪಿಸಿದ, ಎರಡು ಗುಂಪಿನ ಹರಡಿಕೆ ಬೇರೆ ಬೇರೆ ಇದ್ದಾಗಿನ ವಿಧಾನ. ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಎರಡು ಕಂಬಸಾಲುಗಳನ್ನು ಬೇರೆ ಬೇರೆಯಾಗಿ ಏರಿಕೆ ಕ್ರಮದಲ್ಲಿ ಜೋಡಿಸಿಬಿಟ್ಟರೆ ಒಬ್ಬರ ಅಂಕ ಇನ್ನೊಬ್ಬರ ಪಕ್ಕಕ್ಕೆ ಬರುತ್ತದೆ. ಆಗ ಸರಾಸರಿ, ಸ್ವತಂತ್ರ ಟಿ ಎರಡೂ ಹಾಗೇ ಉಳಿಯುತ್ತವೆ, ಜೋಡಿ ಟಿ ಮಾತ್ರ ಸುಳ್ಳಾಗಿ ಏರುತ್ತದೆ. ಸಹಸಂಬಂಧ 0.99ರ ಆಸುಪಾಸು ಕಂಡರೆ ಅನುಮಾನಪಡಿ. ಅದು ಸೊನ್ನೆಯ ಹತ್ತಿರವಿದ್ದರೆ ಹಾಜರಿ ಸಂಖ್ಯೆಗಳು ಅದಲುಬದಲಾಗಿವೆಯೇ ನೋಡಿ. ಸಾಫಲ್ಯ ಪರೀಕ್ಷೆಯ ದಿನ ಬಾರದ ಮಗುವಿಗೆ ಸೊನ್ನೆ ಹಾಕಬಾರದು. ಆ ಜೋಡಿಯನ್ನು ಬಿಟ್ಟು, ಎಷ್ಟು ಮಕ್ಕಳನ್ನು ಬಿಟ್ಟೆವೆಂದು ಬರೆಯಬೇಕು. ಹೆಸರಿಲ್ಲದ ಉತ್ತರಪತ್ರಿಕೆಗಳಿಂದ ಜೋಡಿಯೇ ಕಳೆದುಹೋಗಿದ್ದರೆ ಸ್ವತಂತ್ರ ಲೆಕ್ಕವೇ ಗತಿ. ಅದು ಇರುವ ಬದಲಾವಣೆಯನ್ನು ಕಾಣದೆ ಹೋಗುವ ಕಡೆಗೆ ವಾಲುತ್ತದೆ ಎಂಬುದು ಗೊತ್ತಿರಲಿ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ, ಏರಿಕೆ ಪಾಠದಿಂದಲೇ ಬಂತೇ ಎಂಬ ಪ್ರಶ್ನೆಗೆ ಜೋಡಿ ಟಿ ಉತ್ತರಿಸುವುದಿಲ್ಲ. ಮೇಲಿನ ಪಟ್ಟಿಯನ್ನು ಮತ್ತೆ ನೋಡಿ: 4 ತೆಗೆದ ಮಗು 5 ಅಂಕ ಏರಿದೆ, 16 ತೆಗೆದದ್ದು 2 ಇಳಿದಿದೆ. ತೀರಾ ಕಡಿಮೆ ಬಂದವರು ಎರಡನೆಯ ಸಲ ಸರಾಸರಿಯತ್ತ ಏರುವುದು, ತೀರಾ ಹೆಚ್ಚು ಬಂದವರು ಇಳಿಯುವುದು ಸಹಜ; ಸರಾಸರಿಯತ್ತ ಮರಳುವ ಈ ಗುಣವನ್ನು ತಂದೆತಾಯಿ, ಮಕ್ಕಳ ಎತ್ತರಗಳಲ್ಲಿ ಗಾಲ್ಟನ್ 1886ರಲ್ಲೇ ತೋರಿಸಿದ್ದ. ಹಿಂದುಳಿದ ಮಕ್ಕಳನ್ನಷ್ಟೇ ಆರಿಸಿ ವಿಶೇಷ ತರಗತಿ ನಡೆಸಿ, ಅವರನ್ನಷ್ಟೇ ಮತ್ತೆ ಪರೀಕ್ಷಿಸಿದರೆ ಪಾಠವೇ ಮಾಡದಿದ್ದರೂ ಏರಿಕೆ ಕಾಣಬಹುದು.

ಏರಿಕೆಯ ಕಾರಣ ಯಾವುದೆಂದು ಬೇರ್ಪಡಿಸುವ ಈ ತೊಡಕು ತೆಂಗಿನ ತೋಟ ಇಟ್ಟವರಿಗೆ ಹೊಸದಲ್ಲ. ಒಂದು ಮರದ ಹಾಗೆ ಇನ್ನೊಂದು ಕಾಯಿ ಬಿಡುವುದಿಲ್ಲವಾದ್ದರಿಂದ ಗೊಬ್ಬರದ ಗುಣ ತಿಳಿಯಲು ಅದೇ ಮರದ ಹಿಂದಿನ ಇಳುವರಿಯೊಂದಿಗೇ ಹೋಲಿಸಬೇಕು. ಆದರೆ ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಈ ವರ್ಷದ ಕಾಯಿ ಹಿಂದಿನ ವರ್ಷಗಳ ಮಳೆಯನ್ನೂ ಹೊತ್ತಿರುತ್ತದೆ. ಗೊಬ್ಬರ ಹಾಕದೆ ಬಿಟ್ಟ ಮರಗಳು ಅದೇ ತೋಟದಲ್ಲಿ ಇಲ್ಲದಿದ್ದರೆ ಮಳೆಯ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಎಂದು ಬೇರ್ಪಡಿಸಲಾಗದು.

ಶಾಲೆಯಲ್ಲೂ ಹೋಲಿಕೆಗೆ ಇನ್ನೊಂದು ಗುಂಪು ಬೇಕು, ಅದನ್ನು ಆರಿಸುವಲ್ಲೂ ಎಚ್ಚರ ಬೇಕು ಎಂಬುದಕ್ಕೆ ದೊಡ್ಡ ಉದಾಹರಣೆ 1930ರ ಲ್ಯಾನಾರ್ಕ್‌ಶೈರ್ ಹಾಲಿನ ಪ್ರಯೋಗ. ಸ್ಕಾಟ್ಲೆಂಡಿನ 67 ಶಾಲೆಗಳ ಸುಮಾರು 20,000 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಹಾಲು ಕೊಟ್ಟು, ಫೆಬ್ರವರಿಯಲ್ಲೂ ಜೂನಿನಲ್ಲೂ ತೂಕ, ಎತ್ತರ ಅಳೆದರು. ಪ್ರತಿ ಮಗುವಿಗೂ ಮೊದಲಿನ ಅಳತೆ, ನಂತರದ ಅಳತೆ ಎರಡೂ ಇದ್ದವು. ಆದರೆ ಗುಂಪು ಸಮತೂಕವಾಗಿಲ್ಲ ಎನಿಸಿದರೆ ಮಕ್ಕಳನ್ನು ಬದಲಿಸಲು ಶಿಕ್ಷಕರಿಗೆ ಅವಕಾಶವಿತ್ತು. ಬಡ, ಸೊರಗಿದ ಮಕ್ಕಳಿಗೆ ಹಾಲು ಸಿಗಲಿ ಎಂದು ಮನಸ್ಸು ಕರಗಿದ್ದು ಮನುಷ್ಯಸಹಜ. ಪರಿಣಾಮವಾಗಿ ಹಾಲು ಸಿಗದ ಗುಂಪು ಶುರುವಿನಲ್ಲೇ ಹೆಚ್ಚು ತೂಕ, ಹೆಚ್ಚು ಎತ್ತರದ್ದಾಗಿತ್ತು. ಬಟ್ಟೆಯೊಡನೆ ತೂಗಿದ್ದರಿಂದ ಚಳಿಗಾಲದ ದಪ್ಪ ಬಟ್ಟೆಯ ತೂಕವೂ ಲೆಕ್ಕಕ್ಕೆ ಸೇರಿತು; ಬೆಚ್ಚನೆ ಬಟ್ಟೆ ಹೆಚ್ಚಿಗಿದ್ದದ್ದು ಉಳ್ಳವರ ಮಕ್ಕಳಲ್ಲಿ. 1931ರಲ್ಲಿ ಈ ಪ್ರಯೋಗವನ್ನು ಬಿಡಿಸಿ ಟೀಕಿಸಿದವನು ಅದೇ 'ಸ್ಟೂಡೆಂಟ್'. ಇಪ್ಪತ್ತು ಸಾವಿರ ಮಕ್ಕಳ ಬದಲು ಐವತ್ತು ಜೊತೆ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಜೊತೆಗೊಬ್ಬರಿಗೆ ಹಾಲು ಕೊಟ್ಟು ನೋಡಿದ್ದರೆ ಇದಕ್ಕಿಂತ ಗಟ್ಟಿ ಉತ್ತರ ಸಿಗುತ್ತಿತ್ತು ಎಂದು ಅವನು ವಾದಿಸಿದ. 1908ರ ಜೋಡಿಯ ವಿಚಾರ ಇಲ್ಲಿ ಪ್ರಯೋಗದ ಯೋಜನೆಯೇ ಆಗಿ ಬೆಳೆದಿತ್ತು.

ಮುಂದಿನ ಬೆಳವಣಿಗೆಯಲ್ಲಿ ನಮ್ಮ ನೆಲದಲ್ಲಿ ಹುಟ್ಟಿದವರ ಹೆಸರೂ ಇದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1948ರಲ್ಲಿ 28 ಮರಗಳ ತೊಗಟೆಯ ಬೆಂಡಿನ ತೂಕವನ್ನು ಪರಿಶೀಲಿಸಿದರು. ಪ್ರತಿ ಮರದ ನಾಲ್ಕು ದಿಕ್ಕಿನಿಂದ ಒಂದೊಂದು ಅಳತೆ. ಒಂದೇ ಮರದ ನಾಲ್ಕು ಅಳತೆಗಳನ್ನು ನಾಲ್ಕು ಬೇರೆ ಮರಗಳೆಂದು ಎಣಿಸದೆ, ಮರದೊಳಗಿನ ವ್ಯತ್ಯಾಸಗಳನ್ನು ಒಟ್ಟಾಗಿ ಪರೀಕ್ಷಿಸುವ ಕ್ರಮವನ್ನು ತೋರಿಸಿದರು. ಒಂದೇ ಮಗುವನ್ನು ಜೂನ್, ಅಕ್ಟೋಬರ್, ಮಾರ್ಚ್ ಹೀಗೆ ಹಲವು ಸಲ ಅಳೆದಾಗ ಬೇಕಾಗುವುದು ಇಂಥದೇ ಲೆಕ್ಕ.

ಹಾಗಾದರೆ ಸ್ವತಂತ್ರ ಟಿ-ಪರೀಕ್ಷೆಗೆ ಸೇತುಬಂಧದಲ್ಲಿ ಕೆಲಸವೇ ಇಲ್ಲವೇ? ಇದೆ, ಅದೂ ಮುಖ್ಯ ಜಾಗದಲ್ಲಿ. ತಿಪಟೂರಿನ ಒಂದು ಶಾಲೆ ಹೊಸ ವಿಧಾನದಲ್ಲಿ ಪಾಠ ಮಾಡಿತು, ತುರುವೇಕೆರೆಯ ಒಂದು ಶಾಲೆ ಹಳೆಯದನ್ನೇ ಮುಂದುವರಿಸಿತು ಎನ್ನಿ. ಎರಡೂ ಕಡೆ ಪ್ರತಿ ಮಗುವಿನ ಏರಿಕೆಯನ್ನು ತೆಗೆದು, ಆ ಎರಡು ಪಟ್ಟಿಗಳನ್ನು ಸ್ವತಂತ್ರ ಟಿ-ಪರೀಕ್ಷೆಗೆ ಒಡ್ಡಬೇಕು. ಅಲ್ಲಿ ನಿಜವಾಗಿಯೂ ಬೇರೆ ಬೇರೆ ಮಕ್ಕಳಿದ್ದಾರೆ. ಇಲ್ಲಿ ಜೋಡಿ ಟಿ ಸಾರ್ಥಕ, ಅಲ್ಲಿ ಅಲ್ಲ, ಆದ್ದರಿಂದ ನಮ್ಮ ವಿಧಾನ ಮೇಲು ಎಂದು ಬರೆಯುವುದು ತಪ್ಪು. ಒಂದು ಕಡೆ ಗಡಿ ಕೂದಲೆಳೆಯಲ್ಲಿ ದಾಟಿ, ಇನ್ನೊಂದು ಕಡೆ ಕೂದಲೆಳೆಯಲ್ಲಿ ತಪ್ಪಿದರೂ ಈ ಮಾತು ಬರೆಯಲು ಸಿಗುತ್ತದೆ. ಒಂದೊಂದೇ ಶಾಲೆ ಇದ್ದರೆ ವಿಧಾನದ ಗುಣವನ್ನು ಶಾಲೆಯ ಗುಣದಿಂದ ಬೇರ್ಪಡಿಸಲೂ ಆಗದು. ಎರಡೂ ಬಗೆಗೆ ಹಲವು ಶಾಲೆಗಳಿರಬೇಕು, ಯಾವ ಶಾಲೆಗೆ ಯಾವ ವಿಧಾನ ಎಂಬುದು ಚೀಟಿ ಎತ್ತಿ ತೀರ್ಮಾನವಾಗಬೇಕು.

ಆದ್ದರಿಂದ ಶಿಕ್ಷಕರಲ್ಲೂ ಸಿ.ಆರ್.ಪಿ.ಗಳಲ್ಲೂ ಒಂದು ಕೋರಿಕೆ. ಸರಾಸರಿಯನ್ನಷ್ಟೇ ಮೇಲಕ್ಕೆ ಕಳಿಸಿ ಪಟ್ಟಿಯನ್ನು ರದ್ದಿಗೆ ಹಾಕಬೇಡಿ. ಪ್ರತಿ ಮಗುವಿನ ಎರಡೂ ಅಂಕ ಒಂದೇ ಸಾಲಿನಲ್ಲಿರುವ ಪಟ್ಟಿಯನ್ನು ಉಳಿಸಿಡಿ. ಅದು ಕೈಯಲ್ಲಿದ್ದರೆ ಸರಿಯಾದ ಲೆಕ್ಕವನ್ನು ಯಾವಾಗ ಬೇಕಾದರೂ ಮಾಡಬಹುದು.